ಪದ ಪರಿಚಯ: ಒದ್ದೆ ಹಿಡಿತ

ನೀರಿರುವ ನೆಲದ ಮೇಲೆ ಕಾಲಿಟ್ಟಾಗ ಚಪ್ಪಲಿಯ ಅಟ್ಟೆ, ಅಂದರೆ ನೆಲಕ್ಕೆ ತಾಗುವ ತಳ, ಜಾರದೆ ನಿಲ್ಲುವ ಗುಣವೇ ಒದ್ದೆ ಹಿಡಿತ. ಜೂನ್ ತಿಂಗಳಲ್ಲಿ ಚಪ್ಪಲಿ ಅಂಗಡಿಗೆ ಹೋಗಿ ‘ಮಳೆಗಾಲಕ್ಕೆ ಆಗುವಂಥದ್ದು ಕೊಡಿ’ ಎಂದರೆ, ನೀರು ಹೀರದ, ಬೇಗ ಒಣಗುವ ಜೋಡಿಯೊಂದನ್ನು ಮುಂದಿಡುತ್ತಾರೆ. ಅದು ಬೇಗ ಒಣಗುವುದು ನಿಜ. ಆದರೆ ಒಣಗುವ ಗುಣ ಬೇರೆ, ಹಿಡಿತ ಬೇರೆ. ಮೊದಲನೆಯದನ್ನು ನಿರ್ಧರಿಸುವುದು ಪಾದಕ್ಕೆ ತಾಗುವ ಭಾಗ ಮತ್ತು ಪಟ್ಟಿ. ಎರಡನೆಯದನ್ನು ನಿರ್ಧರಿಸುವುದು ನೆಲಕ್ಕೆ ತಾಗುವ ಕೆಲವೇ ಮಿಲಿಮೀಟರ್ ದಪ್ಪದ ಪದರ. ಎಲ್ಲಕ್ಕಿಂತ ಬೇಗ ಒಣಗುವ ಚಪ್ಪಲಿಗಳಲ್ಲೇ ಕೆಲವು ಎಲ್ಲಕ್ಕಿಂತ ಬೇಗ ಜಾರುತ್ತವೆ. ಕರಾವಳಿ, ಮಲೆನಾಡುಗಳಲ್ಲಿ ಹಿರಿಯರು ಬಿದ್ದು ಸೊಂಟ ಮುರಿದುಕೊಳ್ಳುವ ಕಾಲದಲ್ಲಿ ಈ ವ್ಯತ್ಯಾಸ ತಿಳಿದಿರಲೇಬೇಕು.

ಜಾರುವುದು ಹೇಗೆ ಎಂಬುದನ್ನು ಮೊದಲು ನೋಡೋಣ. ನಡೆಯುವಾಗ ನೆಲಕ್ಕೆ ಮೊದಲು ತಾಗುವುದು ಹಿಮ್ಮಡಿಯ ಹಿಂದಿನ ಅಂಚು, ಅದೂ ಓರೆಯಾಗಿ. ಆ ಕ್ಷಣದಲ್ಲಿ ದೇಹದ ಭಾರ ಮುಂದಕ್ಕೆ ಸಾಗುತ್ತಿರುತ್ತದೆ. ನೆಲ ಒಣಗಿದ್ದರೆ ಅಟ್ಟೆ ನೇರವಾಗಿ ನೆಲವನ್ನು ಮುಟ್ಟುತ್ತದೆ. ಒದ್ದೆಯಾಗಿದ್ದರೆ ನಡುವೆ ನೀರಿನ ತೆಳುಪದರವೊಂದು ಸಿಕ್ಕಿಕೊಳ್ಳುತ್ತದೆ. ಭಾರ ಪೂರ್ತಿ ಬೀಳುವ ಮೊದಲೇ ಆ ನೀರು ಪಕ್ಕಕ್ಕೆ ಹರಿದುಹೋಗಬೇಕು. ಇಲ್ಲದಿದ್ದರೆ ಪಾದ ನೀರಿನ ಮೇಲೆ ತೇಲಿದಂತಾಗಿ ಮುಂದಕ್ಕೆ ಜಾರುತ್ತದೆ, ನಾವು ಹಿಂದಕ್ಕೆ ಬೀಳುತ್ತೇವೆ.

ಆದ್ದರಿಂದ ಹಿಡಿತಕ್ಕೆ ಎರಡು ಸಂಗತಿಗಳು ಬೇಕು. ನೀರು ಹೊರಹೋಗಲು ದಾರಿ ಇರಬೇಕು: ಅಟ್ಟೆಯ ಗೀರುಗಳು ಕನಿಷ್ಠ 2 ಮಿ.ಮೀ. ಅಗಲವಿದ್ದು, ಅಂಚಿನವರೆಗೂ ಹೋಗಿ ತೆರೆದುಕೊಂಡಿರಬೇಕು. ನೋಡಲು ಚೆಂದವಾದ ಚುಕ್ಕಿ, ಹೂವು, ವೃತ್ತಗಳ ವಿನ್ಯಾಸಗಳು ಎಷ್ಟೋ ಸಲ ಸುತ್ತಲೂ ಮುಚ್ಚಿಕೊಂಡಿರುತ್ತವೆ. ಅವುಗಳೊಳಗೆ ನೀರು ನಿಲ್ಲುತ್ತದೆಯೇ ಹೊರತು ಹರಿದುಹೋಗುವುದಿಲ್ಲ. ಎರಡನೆಯದು, ನೀರು ಸರಿದ ಮೇಲೆ ಅಟ್ಟೆ ನೆಲದ ಸಣ್ಣ ಉಬ್ಬುತಗ್ಗುಗಳಿಗೆ ಒತ್ತಿಕೊಳ್ಳುವಷ್ಟು ಮೆತ್ತಗಿರಬೇಕು, ಮತ್ತೆ ಪುಟಿದು ಮೊದಲಿನ ರೂಪಕ್ಕೆ ಬರಬೇಕು. ರಬ್ಬರ್, ಫೋಮ್, ಚರ್ಮಗಳು ಬೇರೆಯಾಗುವುದು ಈ ಎರಡನೆಯ ವಿಷಯದಲ್ಲಿ.

ರಬ್ಬರಿಗೆ ಈ ಗುಣ ಹುಟ್ಟಿನಿಂದಲೇ ಇದೆ. ಗಂಧಕ ಬೆರೆಸಿ ಕಾಯಿಸಿದ ರಬ್ಬರ್ ಅದುಮಿದರೆ ತಗ್ಗುತ್ತದೆ, ಬಿಟ್ಟರೆ ಪುಟಿಯುತ್ತದೆ. ತಗ್ಗಿದಾಗ ಡಾಂಬರಿನ ಕಲ್ಲುಗಳ ಏರುಪೇರಿನೊಳಗೆ ಇಳಿದು ಕೂರುತ್ತದೆ. ಗಡಸುತನವೂ ಮುಖ್ಯ. ತೀರ ಗಟ್ಟಿಯಾದ ರಬ್ಬರ್ ನುಣುಪು ಟೈಲ್ಸ್ ಮೇಲೆ ಪ್ಲಾಸ್ಟಿಕ್ಕಿನ ಹಾಗೆಯೇ ಜಾರುತ್ತದೆ. ತೀರ ಮೆತ್ತಗಿನದು ಬೇಗ ಸವೆಯುತ್ತದೆ. ಉಗುರಿನಿಂದ ಒತ್ತಿದಾಗ ಸ್ವಲ್ಪ ತಗ್ಗಿ, ಬಿಟ್ಟೊಡನೆ ಗುರುತು ಮಾಯವಾದರೆ ಅದು ಒಳ್ಳೆಯ ಅಟ್ಟೆ. ಹಳೆಯ ಹವಾಯಿ ಚಪ್ಪಲಿ ವರ್ಷಗಳ ನಂತರ ಬಿಸಿಲು, ಗಾಳಿಗೆ ಗಟ್ಟಿಯಾಗಿ ಉಗುರಿಗೆ ಬಗ್ಗದಂತಾಗುತ್ತದೆ. ಪಟ್ಟಿ ಗಟ್ಟಿಮುಟ್ಟಾಗಿದ್ದರೂ ಅದರ ಹಿಡಿತ ಆಗಲೇ ಹೋಗಿರುತ್ತದೆ. ‘ಇನ್ನೂ ಚೆನ್ನಾಗಿಯೇ ಇದೆ’ ಎಂದು ಬಚ್ಚಲು ಮನೆಗೆ ಇಟ್ಟುಕೊಳ್ಳುವುದು ಸಾಮಾನ್ಯವಾಗಿ ಇಂಥದ್ದನ್ನೇ, ಜಾರುವ ಜಾಗವೂ ಅದೇ. ರಬ್ಬರಿನ ತೊಂದರೆ ತೂಕ. ಪೂರ್ತಿ ಗಟ್ಟಿ ರಬ್ಬರಿನ ಚಪ್ಪಲಿ ದಿನವಿಡೀ ಹಾಕಿಕೊಂಡು ನಡೆದರೆ ಕಾಲು ಸೋಲುತ್ತದೆ. ಅದಕ್ಕೇ ಗಾಳಿಗುಳ್ಳೆ ತುಂಬಿದ ಹಗುರ ವಸ್ತುಗಳು ಬಂದವು.

ಅಂಗಡಿಯಲ್ಲಿ ‘ಫೋಮ್’ ಎನ್ನುವುದರಲ್ಲಿ ಎರಡು ಜಾತಿ. ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದ ಬಹಳ ಗೊಂದಲವಾಗುತ್ತದೆ.

ಮೊದಲನೆಯದು ಇವಿಎ. ತೂತುತೂತಿನ ಕ್ಲಾಗ್ ಚಪ್ಪಲಿಗಳು, ಅಂಗೈಯಲ್ಲಿಟ್ಟರೆ ತೂಕವೇ ತಿಳಿಯದಷ್ಟು ಹಗುರವಾದ ಸ್ಲಿಪ್ಪರ್‌ಗಳು ಇದರವು. ಇದರೊಳಗಿನ ಗಾಳಿಗುಳ್ಳೆಗಳು ಒಂದೊಂದೂ ಪ್ರತ್ಯೇಕವಾಗಿ ಮುಚ್ಚಿಕೊಂಡಿರುವುದರಿಂದ ನೀರು ಒಳಗಿಳಿಯುವುದಿಲ್ಲ; ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಒಣಗುವ ಲೆಕ್ಕದಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ಆದರೆ ಇದೇ ಗುಳ್ಳೆಗಳು ನೆಲದ ಜೊತೆಗಿನ ಸಂಬಂಧವನ್ನು ಕೆಡಿಸುತ್ತವೆ. ಭಾರ ಬಿದ್ದು ಬಿದ್ದು ಅವು ಚಪ್ಪಟೆಯಾಗುತ್ತವೆ, ರಬ್ಬರಿನಂತೆ ಪೂರ್ತಿ ಪುಟಿದು ಬರುವುದಿಲ್ಲ. ಅಟ್ಟೆಯ ಉಬ್ಬುಗಳು, ಅದರಲ್ಲೂ ಹಿಮ್ಮಡಿಯ ಹಿಂಬದಿಯವು, ಬೇಗ ಸವೆದು ಮೈ ನುಣ್ಣಗಾಗುತ್ತದೆ. ಹೊಸದಾಗಿ ತಂದಾಗ ಪರವಾಗಿಲ್ಲ ಎನಿಸಿದ್ದು ಮಳೆಗಾಲದ ನಡುವೆ ಇದ್ದಕ್ಕಿದ್ದಂತೆ ಜಾರತೊಡಗುವುದು ಹೀಗೆ. ಇನ್ನೊಂದು ಜಾರಿಕೆ ಚಪ್ಪಲಿಯ ಒಳಗೇ ಇದೆ. ನುಣುಪಾದ ಇವಿಎ ಮೇಲೆ ಒದ್ದೆ ಪಾದ ಹಿಂದೆಮುಂದೆ ಸರಿಯುತ್ತದೆ. ಇಳಿಜಾರಿನಲ್ಲಿ ಅಟ್ಟೆ ನಿಂತಲ್ಲೇ ನಿಂತರೂ ಕಾಲು ಮುಂದಕ್ಕೆ ನುಗ್ಗುತ್ತದೆ. ಪಾದವಿಡುವ ಕಡೆ ಸಣ್ಣ ಉಬ್ಬುಗಳಿದ್ದು, ಹಿಮ್ಮಡಿಗೆ ಹಿಂಪಟ್ಟಿ ಇದ್ದರೆ ಇದು ತಪ್ಪುತ್ತದೆ.

ಎರಡನೆಯದು ಪಿಯು, ಅಂದರೆ ಪಾಲಿಯುರೆಥೇನ್. ಕಚೇರಿಗೆ ಹಾಕುವ ಎಷ್ಟೋ ಸ್ಯಾಂಡಲ್, ಶೂಗಳ ಅಟ್ಟೆ ಇದೇ. ಇದು ಇವಿಎಗಿಂತ ಕಡಿಮೆ ಸವೆಯುತ್ತದೆ, ಹಿಡಿತವೂ ಸಾಮಾನ್ಯವಾಗಿ ಮೇಲು. ಆದರೆ ತೇವಾಂಶ ಇದರ ಅಣುಕೊಂಡಿಗಳನ್ನು ನಿಧಾನವಾಗಿ ಕಡಿಯುತ್ತದೆ, ಸೆಖೆಯಿದ್ದರೆ ಇನ್ನೂ ಬೇಗ. ಒಂದು ಸಲವೂ ಹಾಕದೆ ಡಬ್ಬಿಯಲ್ಲಿಟ್ಟ ಜೋಡಿ ಕೆಲವು ವರ್ಷಗಳ ಮೇಲೆ ತೆಗೆದಾಗ ಅಂಟಂಟಾಗಿರುವುದು, ನಾಲ್ಕು ಹೆಜ್ಜೆ ಇಡುವುದರೊಳಗೆ ಅಟ್ಟೆ ಪುಡಿಪುಡಿಯಾಗಿ ಉದುರುವುದು ಇದರಿಂದ. ಅಂಗಡಿಯವನ ಮೋಸವೂ ಅಲ್ಲ, ಇಲಿ ಕಡಿದದ್ದೂ ಅಲ್ಲ. ಪಿಯು ಅಟ್ಟೆಯ ಚಪ್ಪಲಿ ಕೊಂಡರೆ ಜೋಪಾನ ಮಾಡದೆ ಹಾಕಿ ಸವೆಸುವುದೇ ಸರಿ.

ಇನ್ನು ಚರ್ಮ. ಇದು ಸಹಜ ನಾರುಗಳ ಹೆಣಿಗೆ. ನಾರುಗಳ ನಡುವಿನ ಸಂದುಗಳೆಲ್ಲ ನೀರು ಕುಡಿಯುತ್ತವೆ. ಅದು ಒಣಗಬೇಕಾದರೆ ಗಾಳಿ ಒಣಗಿರಬೇಕು. ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಂಥ ಕಡೆ ಜುಲೈ ತಿಂಗಳ ಗಾಳಿಯೇ ಒದ್ದೆ. ಅಲ್ಲಿ ರಾತ್ರಿ ಬಿಚ್ಚಿಟ್ಟ ಚರ್ಮದ ಚಪ್ಪಲಿ ಬೆಳಿಗ್ಗೆಗೂ ತಣ್ಣಗೇ ಇರುತ್ತದೆ, ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ. ಬೇಗ ಒಣಗಲಿ ಎಂದು ಒಲೆಯ ಹತ್ತಿರ ಇಟ್ಟರೆ ಅನಾಹುತವೇ ಆಗುತ್ತದೆ: ನೆನೆದ ಚರ್ಮಕ್ಕೆ ಬಿಸಿ ತಾಗಿದರೆ ನಾರುಗಳು ಮುದುಡಿಕೊಳ್ಳುತ್ತವೆ, ಆಮೇಲೆ ಎಷ್ಟು ಎಣ್ಣೆ ಹಚ್ಚಿದರೂ ಹಳೆಯ ರೂಪಕ್ಕೆ ಬರುವುದಿಲ್ಲ. ಮರದ ತೊಗಟೆ, ಕಾಯಿಗಳಿಂದ ಹದ ಮಾಡಿದ ಚರ್ಮ ಈ ವಿಷಯದಲ್ಲಿ ಹೆಚ್ಚು ಸೂಕ್ಷ್ಮ. ನಮ್ಮ ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳು ಮಾಡುವ ಕೊಲ್ಹಾಪುರಿ ಚಪ್ಪಲಿ ಈ ಬಗೆಯದು. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಸೇರಿದವು. ಮಳೆ ಕಡಿಮೆಯಿರುವ ಬಯಲು ಸೀಮೆಯ ಬಿಸಿಲಿಗೆ ಅದು ಎಷ್ಟು ಹಿತವೋ ಮಲೆನಾಡಿನ ಮಳೆಗೆ ಅಷ್ಟೇ ಒಗ್ಗದು. ಅದರ ಅಟ್ಟೆಯೂ ಚರ್ಮವೇ ಆದ್ದರಿಂದ ನೆನೆದಾಗ ಊದುತ್ತದೆ, ಹೊಲಿಗೆ ಸಡಿಲವಾಗುತ್ತದೆ, ನಯವಾದ ಕಲ್ಲಿನ ಮೇಲೆ ಹಿಡಿತವಿರುವುದಿಲ್ಲ. ಅದನ್ನು ಮೇ ಕೊನೆಯಲ್ಲಿ ಒರೆಸಿ, ಹರಳೆಣ್ಣೆಯ ಒಂದು ತೆಳುಲೇಪ ಕೊಟ್ಟು, ಗಾಳಿಯಾಡುವ ಬಟ್ಟೆಯ ಚೀಲದಲ್ಲಿ ಎತ್ತಿಡುವುದು ಒಳ್ಳೆಯದು. ಪ್ಲಾಸ್ಟಿಕ್ ಚೀಲ ಬೇಡ. ಕೆಲಸದ ಕಾರಣಕ್ಕೆ ಚರ್ಮದ ಶೂ ಹಾಕಲೇಬೇಕಾದವರು ರಬ್ಬರ್ ಅಟ್ಟೆಯಿರುವುದನ್ನು ಆರಿಸಿ, ಎರಡು ಜೋಡಿ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಬೇಕು. ನೆನೆದದ್ದರೊಳಗೆ ಹಳೆಯ ವೃತ್ತಪತ್ರಿಕೆ ತುರುಕಿ, ಕಾಗದ ಒದ್ದೆಯಾದಾಗಲೆಲ್ಲ ಬದಲಿಸುತ್ತ ಫ್ಯಾನಿನ ಗಾಳಿಗೆ ಇಡಬೇಕು.

ಇದನ್ನೆಲ್ಲ ಒಬ್ಬರ ದಿನಕ್ಕೆ ಹೊಂದಿಸಿ ನೋಡೋಣ. ತೀರ್ಥಹಳ್ಳಿ ಕಡೆಯ ಹಳ್ಳಿಯೊಂದರಿಂದ ಪೇಟೆಯ ಶಾಲೆಗೆ ಹೋಗುವ ಶಿಕ್ಷಕಿಯೊಬ್ಬರು ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಅಂಗಳ ಮತ್ತು ಮಣ್ಣಿನ ದಾರಿ, ಆಮೇಲೆ ಡಾಂಬರು ರಸ್ತೆ, ಬಸ್ಸಿನ ಕಬ್ಬಿಣದ ಮೆಟ್ಟಿಲು, ಕೊನೆಗೆ ಶಾಲೆಯ ನುಣುಪು ಟೈಲ್ಸ್. ಡಾಂಬರು ತಾನೇ ಒರಟಾಗಿರುವುದರಿಂದ ಅಲ್ಲಿ ಯಾವ ಅಟ್ಟೆಯೂ ಹೇಗೋ ನಿಭಾಯಿಸುತ್ತದೆ. ಆದರೆ ಮೊದಲ ಮಳೆ ಬಿದ್ದ ದಿನ ರಸ್ತೆಯ ಮೇಲಿನ ಎಣ್ಣೆ ಮತ್ತು ದೂಳು ನೀರಿನೊಡನೆ ಸೇರಿದಾಗ, ಬಣ್ಣ ಬಳಿದ ಪಟ್ಟೆಗಳ ಮೇಲೆ ಕಾಲಿಟ್ಟಾಗ ಎಚ್ಚರ ಬೇಕು. ಮಣ್ಣಿನ ದಾರಿಗೆ ಆಳವಾದ, ದೂರದೂರದ ಉಬ್ಬುಗಳು ಬೇಕು. ಹತ್ತಿರಹತ್ತಿರದ ಗೀರುಗಳಲ್ಲಿ ಕೆಸರು ತುಂಬಿ ಅಟ್ಟೆ ಬೋಳಾಗುತ್ತದೆ. ಟೈಲ್ಸಿಗೆ ಬೇಕಾದದ್ದು ಇದರ ವಿರುದ್ಧ: ನೆಲಕ್ಕೆ ಹೆಚ್ಚು ತಾಗುವ ಮೆತ್ತಗಿನ ರಬ್ಬರ್, ಅದರಲ್ಲಿ ತುಂಬ ಅಂಚುಗಳು. ಎರಡಕ್ಕೂ ಒಂದೇ ಜೋಡಿ ಪೂರ್ತಿ ಸಲ್ಲದು. ಇವರಿಗೆ ನಾನು ಹೇಳುವುದು ಇವಿಎ ಮೈ, ಕೆಳಗೆ ತೆಳುವಾದ ರಬ್ಬರ್ ಅಟ್ಟೆ, ಹಿಂಪಟ್ಟಿಯಿರುವ ಸ್ಯಾಂಡಲ್. ಪಟ್ಟಿಯ ಒಳಗೆ ಸ್ಪಂಜು ಅಥವಾ ಬಟ್ಟೆಯ ಅಸ್ತರಿ ಇರಬಾರದು. ಅಟ್ಟೆ ಎಷ್ಟೇ ಬೇಗ ಒಣಗಲಿ, ಆ ಅಸ್ತರಿ ಸಂಜೆಯವರೆಗೂ ಒದ್ದೆಯಾಗಿದ್ದು ಬೆರಳ ಸಂದಿಯ ಕೆಸರುಹುಣ್ಣಿಗೆ ದಾರಿಯಾಗುತ್ತದೆ. ಶಾಲೆಯ ಬಾಗಿಲಲ್ಲಿ ಕಾಲೊರಸಿನ ಮೇಲೆ ಅಟ್ಟೆಯನ್ನು ಚೆನ್ನಾಗಿ ಉಜ್ಜಿ ಒಳಗೆ ಹೋಗುವುದನ್ನು ಮರೆಯಬಾರದು, ಏಕೆಂದರೆ ಟೈಲ್ಸಿನ ಮೇಲೆ ಜಾರುವ ನೀರು ಬಹುಪಾಲು ನಾವೇ ಹೊತ್ತು ತಂದದ್ದು.

ಹೀಗೆ ರಬ್ಬರ್ ಅಂಟಿಸಿದ್ದನ್ನು ಗುರುತಿಸುವುದು ಸುಲಭ. ಅಟ್ಟೆಯನ್ನು ಪಕ್ಕದಿಂದ ನೋಡಿದರೆ ಎರಡು ಪದರಗಳ ನಡುವಿನ ಗೆರೆ ಕಾಣುತ್ತದೆ. ಕೆಲವರು ಇವಿಎಗೇ ಎರಡು ಬಣ್ಣ ಕೊಟ್ಟಿರುತ್ತಾರೆ, ಆದ್ದರಿಂದ ಉಗುರಿನಿಂದ ಒತ್ತಿಯೂ ನೋಡಬೇಕು: ಇವಿಎ ಮೇಲೆ ಗುರುತು ಸ್ವಲ್ಪ ಹೊತ್ತು ಉಳಿಯುತ್ತದೆ. ಅಂಗಡಿಯ ನೆಲ ಟೈಲ್ಸಿನದಾದರೆ, ಕುಡಿಯುವ ನೀರಿನಿಂದ ನಾಲ್ಕು ಹನಿ ಹಾಕಿ ಹಿಮ್ಮಡಿ ಊರಿ ಮೆಲ್ಲಗೆ ಮುಂದಕ್ಕೆ ತಳ್ಳಿ ನೋಡುವುದಕ್ಕೆ ಸಂಕೋಚ ಬೇಡ, ಪಕ್ಕದಲ್ಲಿ ಹಿಡಿದುಕೊಳ್ಳಲು ಏನಾದರೂ ಇರಲಿ. ಎರಡು ಜೋಡಿಗಳನ್ನು ಒಂದರ ನಂತರ ಒಂದು ಹೀಗೆ ತಳ್ಳಿದರೆ ವ್ಯತ್ಯಾಸ ಕಾಲಿಗೇ ತಿಳಿಯುತ್ತದೆ. ಬಳಸತೊಡಗಿದ ಮೇಲೆ ಹಿಮ್ಮಡಿಯ ಹಿಂಭಾಗವನ್ನು ಆಗಾಗ ತಿರುಗಿಸಿ ನೋಡುತ್ತಿರಬೇಕು. ಅಲ್ಲಿನ ಗೀರುಗಳು ಅಳಿಸಿಹೋಗಿ ಮೈ ಹೊಳೆಯತೊಡಗಿದರೆ, ಉಳಿದ ಅಟ್ಟೆ ಹೊಸದರಂತಿದ್ದರೂ ಆ ಜೋಡಿಯ ಮಳೆಗಾಲ ಮುಗಿದಂತೆಯೇ.

ಒಂದು ನೆಲದ ಮೇಲೆ ಮಾತ್ರ ಇದ್ಯಾವುದೂ ನಡೆಯುವುದಿಲ್ಲ: ಪಾಚಿ ಕಟ್ಟಿದ ಜಂಬಿಟ್ಟಿಗೆ, ಸಿಮೆಂಟಿನ ಮೆಟ್ಟಿಲು. ಅಲ್ಲಿ ಅಟ್ಟೆ ಪಾಚಿಯನ್ನು ಗಟ್ಟಿಯಾಗಿಯೇ ಹಿಡಿಯುತ್ತದೆ, ಆದರೆ ಪಾಚಿಯ ಲೋಳೆಯೇ ಕಲ್ಲಿನಿಂದ ಜಾರಿ ಬರುತ್ತದೆ. ಎಷ್ಟೇ ಬೆಲೆಯ ರಬ್ಬರ್ ತಂದರೂ ಪ್ರಯೋಜನವಿಲ್ಲ. ಮಳೆ ಬಿಡುವು ಕೊಟ್ಟ ದಿನ ಬ್ಲೀಚಿಂಗ್ ಪುಡಿಯನ್ನು ನೀರಿನಲ್ಲಿ ಕಲಸಿ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಗಟ್ಟಿ ಪೊರಕೆಯಿಂದ ಉಜ್ಜಿ ತೊಳೆಯಬೇಕು. ಬಾವಿಕಟ್ಟೆ ಹತ್ತಿರವಿದ್ದರೆ ಆ ಪುಡಿ ಬೇಡ, ಮರಳು ಹಾಕಿ ಉಜ್ಜಿದರೆ ಸಾಕು. ಮಳೆಗಾಲದುದ್ದಕ್ಕೂ ಇದನ್ನು ಮತ್ತೆ ಮತ್ತೆ ಮಾಡಬೇಕಾಗುತ್ತದೆ.