ಬೇಸಿಗೆಯ ಬಿಸಿಲಿಗೇ ಮುಚ್ಚಳದ ಮೇಲೆ ತಗ್ಗು ಬೀಳುತ್ತದೆಯೇ?

ಪ್ರಶ್ನೆ: ಕಲಬುರಗಿಯ ಕಪನೂರಿನಲ್ಲಿ ನಮ್ಮದೊಂದು ಸಣ್ಣ ಇಂಜೆಕ್ಷನ್ ಮೋಲ್ಡಿಂಗ್ ಘಟಕವಿದೆ. ತೊಗರಿಗೆ ಔಷಧ ಹೊಡೆಯುವ ಬ್ಯಾಟರಿ ಪಂಪಿನ ಮುಚ್ಚಳವನ್ನು ಪಿಪಿ, ಅಂದರೆ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನಲ್ಲಿ ತೆಗೆಯುತ್ತೇವೆ. ಹಗಲು ಪಾಳಿಯಲ್ಲಿ, ಬಲಕ್ಕೆಂದು ಒಳಗೆ ಕೊಟ್ಟ ಪಟ್ಟಿಯ, ಅಂದರೆ ರಿಬ್ಬಿನ ಬೆನ್ನಿಗೆ, ಅಂದರೆ ಹೊರಮೈಯಲ್ಲಿ, ಉದ್ದಕ್ಕೂ ತಗ್ಗು ಕಾಣುತ್ತದೆ. ರಾತ್ರಿ ಪಾಳಿಯ ಮಾಲು ಚೆನ್ನಾಗಿರುತ್ತದೆ. ಇದಕ್ಕೆ ಬಿಸಿಲು ಕಾರಣವೇ? ಮೋಲ್ಡಿನ ನೀರನ್ನು ತಣಿಸುವ ಚಿಲ್ಲರ್ ಹಾಕಿಸಬೇಕೇ?

ಉತ್ತರ: ಈ ಪ್ರಶ್ನೆ ಪ್ರತಿ ವರ್ಷ ಯುಗಾದಿ ಕಳೆದ ಮೇಲೆ ಶುರುವಾಗಿ ಮೊದಲ ಮಳೆ ಬೀಳುವವರೆಗೂ ಬರುತ್ತಲೇ ಇರುತ್ತದೆ. ಬಿಸಿಲು ಕಾರಣವಲ್ಲ ಎಂದು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಟ್ಟಿಲ್ಲ. ಹೇಳಿದಾಗ ಎಲ್ಲರೂ ತಲೆಯಾಡಿಸುತ್ತಾರೆ, ಮರುವಾರ ಮಷೀನಿನ ಪಕ್ಕದಲ್ಲಿ ಇನ್ನೊಂದು ಪೆಡೆಸ್ಟಲ್ ಫ್ಯಾನ್ ನಿಂತಿರುತ್ತದೆ. ಆದ್ದರಿಂದ ಈ ಬಾರಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲು ತಗ್ಗು ಹೇಗೆ ಬೀಳುತ್ತದೆ ಎಂಬುದು. ಪಿಪಿ ಸುಮಾರು 220 ಡಿಗ್ರಿಯಲ್ಲಿ ಕರಗಿ ಮೋಲ್ಡಿಗೆ ಬರುತ್ತದೆ. ಒತ್ತಡವೇ ಇಲ್ಲದಿದ್ದರೆ, ಅಲ್ಲಿಂದ ಕೋಣೆಯ ಉಷ್ಣತೆಗೆ ತಣಿಯುವಷ್ಟರಲ್ಲಿ ಅದರ ಗಾತ್ರ ಹೆಚ್ಚುಕಡಿಮೆ ಆರನೇ ಒಂದು ಪಾಲು ಕುಗ್ಗುತ್ತದೆ. ಗಟ್ಟಿಯಾಗುವಾಗ ಪಿಪಿಯ ಅಣುಸರಪಳಿಗಳು ಸಾಲಾಗಿ ಮಡಚಿಕೊಂಡು ಹರಳುಗಟ್ಟುವುದರಿಂದ, ಹಾಗೆ ಹರಳುಗಟ್ಟದ ಎಬಿಎಸ್ ಪ್ಲಾಸ್ಟಿಕ್ಕಿಗಿಂತ ಅದರ ಕುಗ್ಗುವಿಕೆ ಬಹಳ ಜಾಸ್ತಿ. ಉಕ್ಕಿಗೆ ತಾಗಿದ ಹೊರಪದರ ಕ್ಷಣಮಾತ್ರದಲ್ಲಿ ಗಟ್ಟಿಯಾಗುತ್ತದೆ, ಆದರೆ ಪ್ಲಾಸ್ಟಿಕ್ ಶಾಖವನ್ನು ಬಲು ನಿಧಾನವಾಗಿ ಬಿಟ್ಟುಕೊಡುವ ವಸ್ತುವಾದ್ದರಿಂದ ನಡುವಿನ ಭಾಗ ಇನ್ನೂ ದ್ರವವಾಗಿಯೇ ಇರುತ್ತದೆ. ಆ ನಡುಭಾಗ ತಡವಾಗಿ ಕುಗ್ಗುತ್ತಾ ತನ್ನ ಮೇಲಿನ ಪದರವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಪದರ ಸೋತರೆ ಹೊರಗೆ ತಗ್ಗು, ಸೋಲದಿದ್ದರೆ ಒಳಗೆ ಪೊಳ್ಳು. ರಿಬ್ ಬಂದು ಗೋಡೆಗೆ ಸೇರುವ ಜಾಗದಲ್ಲಿ ಪ್ಲಾಸ್ಟಿಕ್ಕಿನ ರಾಶಿ ಹೆಚ್ಚಿರುವುದರಿಂದ ತಗ್ಗು ಯಾವಾಗಲೂ ಅಲ್ಲಿಯೇ, ರಿಬ್ಬಿನ ನೇರ ಬೆನ್ನಿಗೇ ಬೀಳುತ್ತದೆ.

ಈಗ ಬಿಸಿಲಿನ ವಿಚಾರ. ಮೇಲೆ ಹೇಳಿದ್ದೆಲ್ಲ ನಡೆಯುವುದು ಮುಚ್ಚಿದ ಮೋಲ್ಡಿನ ಒಳಗೆ. 220 ಡಿಗ್ರಿಯ ಪ್ಲಾಸ್ಟಿಕ್ ಶಾಖ ಬಿಡುವುದು ನೀರಿನಿಂದ ತಣಿಸಿದ ಉಕ್ಕಿಗೇ ಹೊರತು ಶೆಡ್ಡಿನ ಗಾಳಿಗಲ್ಲ. ಶೆಡ್ಡಿನಲ್ಲಿ 28 ಡಿಗ್ರಿಯಿದ್ದರೂ 43 ಡಿಗ್ರಿಯಿದ್ದರೂ ಆ ಪ್ಲಾಸ್ಟಿಕ್ಕಿಗೆ ಗೊತ್ತಾಗುವುದಿಲ್ಲ.

"ಹಾಗಾದರೆ ನೀರೂ ಕಾಯುತ್ತದಲ್ಲ" ಎಂಬುದು ಇದಕ್ಕೆ ಬರುವ ಮರುಪ್ರಶ್ನೆ, ಮತ್ತು ಅದು ನ್ಯಾಯವಾದ ಪ್ರಶ್ನೆ. ಮಾಳಿಗೆಯ ಮೇಲಿನ ಕಪ್ಪು ಟ್ಯಾಂಕಿನಿಂದ ನೇರವಾಗಿ ಮೋಲ್ಡಿಗೆ ನೀರು ಬಿಡುವವರಿಗೆ ಇದು ನಿಜವಾದ ತೊಂದರೆ. ಆದರೆ ಕೂಲಿಂಗ್ ಟವರ್ ಇರುವವರ ಮಟ್ಟಿಗೆ ಲೆಕ್ಕ ತಿರುವುಮುರುವಾಗುತ್ತದೆ. ಟವರು ನೀರನ್ನು ಆವಿಯಾಗಿಸಿ ತಣಿಸುತ್ತದೆ, ನಮ್ಮ ಮಣ್ಣಿನ ಗಡಿಗೆಯ ಹಾಗೆ. ಅದು ಎಷ್ಟು ತಣಿಸಬಲ್ಲದು ಎಂಬುದನ್ನು ಗಾಳಿಯ ಬಿಸಿಗಿಂತ ಗಾಳಿಯ ಒಣಗುತನ ನಿರ್ಧರಿಸುತ್ತದೆ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಉಷ್ಣತೆಗಿಂತ ಕೆಳಗೆ ಟವರಿನ ನೀರು ಇಳಿಯಲಾರದು. ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲು, ಗಾಳಿಯಲ್ಲಿ ಶೇಕಡಾ 20ರಷ್ಟು ತೇವ ಇದ್ದಾಗ ಆ ಒದ್ದೆ ಥರ್ಮಾಮೀಟರ್ ಸುಮಾರು 24 ಡಿಗ್ರಿ ತೋರಿಸುತ್ತದೆ. ಜುಲೈನಲ್ಲಿ 30 ಡಿಗ್ರಿ, ಶೇಕಡಾ 75 ತೇವ ಇದ್ದಾಗ ಅದೇ ಥರ್ಮಾಮೀಟರ್ ಸುಮಾರು 26 ಡಿಗ್ರಿಯಲ್ಲಿ ನಿಲ್ಲುತ್ತದೆ. ಅಂದರೆ ನೀವು ಶಪಿಸುವ ಮೇ ತಿಂಗಳಲ್ಲಿ ಟವರಿನ ನೀರು ಜುಲೈಗಿಂತ ತಂಪಾಗಿರಬಹುದು.

ರಾತ್ರಿ ಪಾಳಿಯ ಮಾಲು ಏಕೆ ಚೆನ್ನಾಗಿರುತ್ತದೆ ಎಂಬುದಕ್ಕೂ ಉತ್ತರವಿದೆ. ಎರಡು ವರ್ಷಗಳ ಹಿಂದೆ ಹುಮನಾಬಾದಿನ ಒಂದು ಘಟಕಕ್ಕೆ ಇಂಥದೇ ಪಂಪಿನ ಮುಚ್ಚಳ ನೋಡಲು ಹೋಗಿದ್ದೆ. ಅಲ್ಲಿಯ ಫೋರ್‌ಮನ್ ಬಾಗಿಲಲ್ಲೇ ಎದುರಾಗಿ, "ಬಿಸಿಲು ಭಾಳ ಅದರಿ ಸರ್, ಅದಕ್ಕೇ ತಗ್ಗು ಬೀಳ್ತಾವ್ರಿ" ಎಂದರು. ಮಧ್ಯಾಹ್ನ ಎರಡು ಗಂಟೆಯ ಹತ್ತು ಮುಚ್ಚಳ ಮತ್ತು ರಾತ್ರಿ ಎರಡು ಗಂಟೆಯ ಹತ್ತು ಮುಚ್ಚಳಗಳಿಗೆ ಒಳಮೈಯಲ್ಲಿ ಗುರುತು ಹಾಕಿ ಎತ್ತಿಡಲು ಹೇಳಿದೆ. ಮರುದಿನ ಬೆಳಿಗ್ಗೆ ಇಪ್ಪತ್ತನ್ನೂ ಬೆರೆಸಿ ಕಿಟಕಿಯ ಪಕ್ಕ ಓರೆ ಬೆಳಕಿಗೆ ಹಿಡಿದು, ರಾತ್ರಿಯವು ಯಾವುವೆಂದು ಆರಿಸಲು ಅವರನ್ನೇ ಕೇಳಿದೆ. ಅವರಿಂದ ಆಗಲಿಲ್ಲ, ಏಕೆಂದರೆ ಎಲ್ಲದರಲ್ಲೂ ತಗ್ಗು ಇತ್ತು. ನೂರನೇ ಒಂದು ಮಿಲಿಮೀಟರ್ ತೋರಿಸುವ ಡಯಲ್ ಗೇಜಿನಲ್ಲಿ ಹಗಲಿನದೂ ರಾತ್ರಿಯದೂ ಸುಮಾರು 0.06 ಮಿಲಿಮೀಟರ್ ಆಳ. ಇಷ್ಟು ಕಡಿಮೆ ಆಳದ ತಗ್ಗು ಓರೆ ಬೆಳಕಿನಲ್ಲಿ ನೆರಳು ಬಿದ್ದರೆ ಮಾತ್ರ ಕಾಣುತ್ತದೆ. ನೆತ್ತಿಯ ಮೇಲಿನ ಟ್ಯೂಬ್‌ಲೈಟಿನ ಬೆಳಕು ನೇರವಾಗಿ ಬೀಳುವುದರಿಂದ ನೆರಳಿಲ್ಲ, ತಗ್ಗೂ ಕಾಣುವುದಿಲ್ಲ. ಬಿಸಿಲು ಮಾಡಿದ ಕೆಲಸ ಅಷ್ಟೇ: ತಗ್ಗನ್ನು ಅದು ತೋರಿಸಿತು.

ಹಾಗಾದರೆ ನಿಜವಾದ ಕಾರಣ ಏನಿತ್ತು? ಆ ಮಷೀನಿನಲ್ಲಿ ಹೋಲ್ಡಿಂಗ್ ಟೈಮ್ 12 ಸೆಕೆಂಡ್ ಇಟ್ಟಿದ್ದರು. ತಗ್ಗು ಕಂಡಾಗಲೆಲ್ಲ ಒಂದೊಂದು ಸೆಕೆಂಡ್ ಏರಿಸುತ್ತಾ ಅಲ್ಲಿಗೆ ತಲುಪಿದ್ದರು. ಹೋಲ್ಡಿಂಗ್ ಒತ್ತಡದ ಕೆಲಸ, ಒಳಗೆ ಕುಗ್ಗಿದಷ್ಟಕ್ಕೆ ಹೊಸ ಪ್ಲಾಸ್ಟಿಕ್ ತುಂಬುವುದು. ಆದರೆ ಆ ಪ್ಲಾಸ್ಟಿಕ್ ಹೋಗಬೇಕಾದ ದಾರಿ ಗೇಟು, ಗೇಟು ಗಟ್ಟಿಯಾದ ಮೇಲೆ ಎಷ್ಟು ಹೊತ್ತು ಒತ್ತಿದರೂ ಮುಚ್ಚಿದ ಬಾಗಿಲನ್ನು ಒತ್ತಿದ ಹಾಗೆ. ಗೇಟು ಯಾವಾಗ ಮುಚ್ಚಿತು ಎಂದು ತಿಳಿಯಲು ಒಂದು ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಹೋಲ್ಡಿಂಗ್ ಟೈಮನ್ನು 2 ಸೆಕೆಂಡಿನಿಂದ ಒಂದೊಂದಾಗಿ ಏರಿಸುತ್ತಾ, ಏರಿಸಿದಷ್ಟನ್ನು ಕೂಲಿಂಗ್ ಟೈಮಿನಿಂದ ಕಳೆದು ಒಟ್ಟು ಸೈಕಲ್ ಬದಲಾಗದಂತೆ ನೋಡಿಕೊಂಡು, ಪ್ರತಿ ಹಂತದಲ್ಲಿ ಮೂರು ಮುಚ್ಚಳ ತೂಗಬೇಕು. ಗೇಟಿನವರೆಗೆ ಪ್ಲಾಸ್ಟಿಕ್ ತರುವ ಕಾಲುವೆಯಲ್ಲಿ ಉಳಿಯುವ ಕಡ್ಡಿಯನ್ನು, ಅಂದರೆ ರನ್ನರನ್ನು, ಕತ್ತರಿಸಿ ತೆಗೆದು ಮುಚ್ಚಳವನ್ನಷ್ಟೇ ತೂಗಬೇಕು ಎಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಹತ್ತರಲ್ಲಿ ಎಂಟು ಮಂದಿ ರನ್ನರ್ ಸಮೇತ ತೂಗಿ, ಗೇಟು ಮುಚ್ಚಿದ ಮೇಲೂ ರನ್ನರಿನಲ್ಲಿ ತುಂಬಿಕೊಳ್ಳುವ ಪ್ಲಾಸ್ಟಿಕ್ಕನ್ನು ಮುಚ್ಚಳದ ಲೆಕ್ಕಕ್ಕೆ ಹಾಕುತ್ತಾರೆ.

ಅಲ್ಲಿ ನಮಗೆ ಸಿಕ್ಕ ತೂಕಗಳು ಹೀಗಿದ್ದವು: 2 ಸೆಕೆಂಡಿಗೆ 61.4 ಗ್ರಾಂ, 3ಕ್ಕೆ 62.1, 4ಕ್ಕೆ 62.6, 5ಕ್ಕೆ 62.8. 6 ಸೆಕೆಂಡಿಗೂ 62.8, 12 ಸೆಕೆಂಡಿಗೂ 62.8. ಐದನೇ ಸೆಕೆಂಡಿಗೆ ಗೇಟು ಮುಚ್ಚಿತ್ತು, ಉಳಿದ ಏಳು ಸೆಕೆಂಡ್ ಮಷೀನು ಸುಮ್ಮನೆ ಕರೆಂಟು ಉರಿಸುತ್ತಿತ್ತು. ಗೇಟಿನ ದಪ್ಪ ಕೇವಲ 1 ಮಿಲಿಮೀಟರ್. ಮುಚ್ಚಳದ ಗೋಡೆ 2.5, ರಿಬ್ಬಿನ ಬುಡ 2 ಮಿಲಿಮೀಟರ್, ಮೂಲೆಯಲ್ಲಿ 1 ಮಿಲಿಮೀಟರ್ ತ್ರಿಜ್ಯದ ದುಂಡು. ಆ ಸೇರುವೆಯೊಳಗೆ ಕೂರುವ ಅತಿ ದೊಡ್ಡ ವೃತ್ತವನ್ನು ಕಾಗದದ ಮೇಲೆ ಬರೆದರೆ ಅದರ ವ್ಯಾಸ 3.4 ಮಿಲಿಮೀಟರ್ ಬರುತ್ತದೆ. ತಣಿಯುವ ಸಮಯ ದಪ್ಪದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಗೋಡೆ ಗಟ್ಟಿಯಾದ ಮೇಲೂ ಆ ಸೇರುವೆ ಬಹಳ ಹೊತ್ತು ಕರಗಿಯೇ ಇರುತ್ತದೆ, ಮತ್ತು ಅದಕ್ಕೆ ಪ್ಲಾಸ್ಟಿಕ್ ಒದಗಿಸಬೇಕಾದ ಗೇಟು ಎಲ್ಲಕ್ಕಿಂತ ಮೊದಲು ಮುಚ್ಚಿರುತ್ತದೆ.

ರಿಬ್ಬನ್ನು ಗೋಡೆಯ ಅರ್ಧದಷ್ಟು, ಅಂದರೆ 1.25 ಮಿಲಿಮೀಟರ್ ಮಾಡಿ ಮೂಲೆಯ ದುಂಡನ್ನು 0.5ಕ್ಕೆ ಇಳಿಸಿದ್ದರೆ ಆ ವೃತ್ತ 2.9ಕ್ಕೆ ಇಳಿಯುತ್ತಿತ್ತು. ಆದರೆ ಮೋಲ್ಡಿನಲ್ಲಿ ರಿಬ್ ಎಂದರೆ ಉಕ್ಕಿನಲ್ಲಿ ಕೊರೆದ ತೋಡು, ಅದನ್ನು ಸಣ್ಣದು ಮಾಡಬೇಕಾದರೆ ಉಕ್ಕು ಸೇರಿಸಬೇಕು. ಉಕ್ಕು ತೆಗೆಯುವುದು ಸುಲಭ, ಸೇರಿಸುವುದು ಕಷ್ಟ. ಅದಕ್ಕೇ ರಿಬ್ಬನ್ನು ಮೊದಲು ತೆಳ್ಳಗೆ ಕೊರೆದು, ಬಲ ಸಾಲದಿದ್ದರೆ ಆಮೇಲೆ ಅಗಲಿಸಿ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತಾ ಬಂದಿದ್ದೇನೆ. ಆ ಮೋಲ್ಡ್ ಈಗಾಗಲೇ ತಯಾರಾಗಿದ್ದರಿಂದ ನಾವು ಗೇಟಿನ ದಪ್ಪವನ್ನು 1.5 ಮಿಲಿಮೀಟರಿಗೆ ಏರಿಸಿದೆವು. ಮತ್ತೆ ತೂಗಿದಾಗ ತೂಕ ಹತ್ತನೇ ಸೆಕೆಂಡಿನವರೆಗೂ ಏರುತ್ತಾ ಹೋಗಿ 63.7 ಗ್ರಾಮಿಗೆ ನಿಂತಿತು. ತಗ್ಗಿನ ಆಳ 0.02ಕ್ಕೆ ಇಳಿಯಿತು. ಪೂರ್ತಿ ಹೋಗಲಿಲ್ಲ, ಆ ದಪ್ಪದ ರಿಬ್ ಇಟ್ಟುಕೊಂಡು ಪಿಪಿಯಲ್ಲಿ ಪೂರ್ತಿ ಹೋಗುವುದೂ ಇಲ್ಲ. ಹೊರಮೈಗೆ ಸಣ್ಣ ಟೆಕ್ಸ್ಚರ್ ಹಾಕಿಸಿದ ಮೇಲೆ ಉಳಿದದ್ದು ಕಣ್ಣಿಗೆ ಬೀಳಲಿಲ್ಲ.

ಚಿಲ್ಲರ್ ಹಾಕಿಸಬೇಕೇ ಎಂದು ಕೇಳಿದ್ದೀರಿ. ಮೋಲ್ಡಿಗೆ 10 ಡಿಗ್ರಿಯ ನೀರು ಬಿಟ್ಟರೆ ಗೇಟು ಇನ್ನೂ ಬೇಗ ಮುಚ್ಚುತ್ತದೆ. ಹೊರಪದರ ಬೇಗ ಗಟ್ಟಿಯಾಗಿ ತಗ್ಗು ಕಡಿಮೆಯಾದಂತೆ ಕಂಡರೂ, ಆ ಕೊರತೆ ರಿಬ್ಬಿನ ಬುಡದಲ್ಲಿ ಪೊಳ್ಳಾಗಿ ಅಡಗಿರುತ್ತದೆ. ಒಂದು ಮುಚ್ಚಳವನ್ನು ಗರಗಸದಿಂದ ಅಡ್ಡ ಕೊಯ್ದು ನೋಡಿದರೆ ತಿಳಿಯುತ್ತದೆ. ಇದಲ್ಲದೆ ಸ್ಕ್ರೂ ತೂತಿನ ಸುತ್ತ ಪ್ಲಾಸ್ಟಿಕ್ ಎರಡಾಗಿ ಹರಿದು ಮತ್ತೆ ಕೂಡುವ ಕಡೆ ವೆಲ್ಡ್ ಲೈನ್ ಇರುತ್ತದೆ. ಎರಡು ಹರಿವುಗಳ ಮುಂತುದಿಗಳು ತಣ್ಣಗಾಗಿ ಭೇಟಿಯಾದಷ್ಟೂ ಆ ಬೆಸುಗೆ ಸಡಿಲವಾಗುತ್ತದೆ. ಅಂಥ ಮುಚ್ಚಳ ರೈತ ಸ್ಕ್ರೂ ಬಿಗಿಮಾಡಿದ ದಿನ ಅಲ್ಲಿಯೇ ಸೀಳುತ್ತದೆ, ದೂರು ಮಾತ್ರ ನಿಮಗೆ ಬರುತ್ತದೆ.

ನೀವು ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಬೇಸಿಗೆಗೂ ನಮ್ಮ ಮೋಲ್ಡುಗಳಿಗೂ ಇರುವ ನಿಜವಾದ ಸಂಬಂಧ ಅಲ್ಲಿದೆ. ಹುಮನಾಬಾದಿನ ಅದೇ ಮುಚ್ಚಳ ಸ್ವಲ್ಪ ಸೊಟ್ಟವೂ ಆಗುತ್ತಿತ್ತು: ಮೇಜಿನ ಮೇಲೆ ಒಳಮೈ ಕೆಳಗಾಗಿ ಇಟ್ಟರೆ ಅಂಚುಗಳು ಮೇಜಿಗೆ ತಾಗಿ ನಡುಭಾಗ ಗುಮ್ಮಟದಂತೆ ಎದ್ದಿರುತ್ತಿತ್ತು. ತಡವಾಗಿ ತಣಿಯುವ ಮೈ ಹೆಚ್ಚು ಕುಗ್ಗುವುದರಿಂದ, ಪ್ಲಾಸ್ಟಿಕ್ ಬಿಸಿ ಇದ್ದ ಬದಿಗೇ ಬಾಗುತ್ತದೆ. ಹಾಗಾಗಿ ಬಾಗಿದ ದಿಕ್ಕನ್ನು ನೋಡಿದರೆ ಮೋಲ್ಡಿನ ಯಾವ ಅರ್ಧ ಕಾದಿದೆ ಎಂದು ಹೇಳಬಹುದು. ಒಳಮೈ ರೂಪಿಸುವ ಕೋರ್ ಕಾದಿರಬೇಕು ಎಂದುಕೊಂಡು ಮಷೀನು ನಿಲ್ಲಿಸಿದ ತಕ್ಷಣ ಎರಡೂ ಮೈಗಳಿಗೆ ಪೈರೋಮೀಟರ್ ತಾಗಿಸಿದೆವು. ಹೊರಮೈ ರೂಪಿಸುವ ಕ್ಯಾವಿಟಿ 42 ಡಿಗ್ರಿ, ಕೋರ್ 61 ಡಿಗ್ರಿ. ಕೋರಿನ ನೀರಿನ ಪ್ಲಗ್ ಬಿಚ್ಚಿದಾಗ 8 ಮಿಲಿಮೀಟರ್ ತೂತು ಬಿಳಿ ಸುಣ್ಣದ ಪದರ ಕಟ್ಟಿ ಪೆನ್ಸಿಲ್ ಕೂಡ ಹೋಗದಷ್ಟು ಕಿರಿದಾಗಿತ್ತು.

ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಆ ಕಲ್ಲಿನ ನೆಲದಿಂದ ಬರುವ ಬೋರ್‌ವೆಲ್ ನೀರಿನ ಗಡಸುತನ ನಮ್ಮ ಮನೆಗಳ ಹಂಡೆಗಳಲ್ಲೂ ಕಾಣುತ್ತದೆ. ಬೇಸಿಗೆಯಲ್ಲಿ ಟವರಿನಿಂದ ನೀರು ಹೆಚ್ಚು ಆವಿಯಾದಷ್ಟೂ ಸುಣ್ಣ ಉಳಿದ ನೀರಿನಲ್ಲೇ ಸೇರಿಕೊಳ್ಳುತ್ತದೆ. ಬರೀ ಮೇಲಿನಿಂದ ನೀರು ತುಂಬಿಸುತ್ತಾ ತಳದ ನೀರನ್ನು ಆಗಾಗ ಹೊರಬಿಡದಿದ್ದರೆ ಆ ಸುಣ್ಣವೆಲ್ಲ ಹೋಗಿ ಮೋಲ್ಡಿನ ತೂತುಗಳಲ್ಲಿ ಕೂರುತ್ತದೆ. ಒಂದು ಮಿಲಿಮೀಟರ್ ಸುಣ್ಣದ ಪದರ ಒಂದು ಇಂಚು ಉಕ್ಕಿನ ಹತ್ತಿರ ಹತ್ತಿರ ಶಾಖವನ್ನು ತಡೆಯಬಲ್ಲದು. ಆ ಕೋರಿಗೆ ತುಕ್ಕುತಡೆ ಬೆರೆಸಿದ ಆಮ್ಲದ ದ್ರಾವಣವನ್ನು ಸಣ್ಣ ಪಂಪಿನಿಂದ ಹಾಯಿಸಿ ಸುಣ್ಣ ಕರಗಿಸಿದ ಮೇಲೆ ಅದರ ಉಷ್ಣತೆ 46ಕ್ಕೆ ಇಳಿಯಿತು, ಮುಚ್ಚಳ ಮೇಜಿನ ಮೇಲೆ ಅಲುಗದೆ ಕೂತಿತು. ಫೋರ್‌ಮನ್ ಪ್ಲಗ್ಗಿನಿಂದ ಕೆರೆದ ಸುಣ್ಣವನ್ನು ಒಂದು ಕಾಗದದಲ್ಲಿ ಕಟ್ಟಿ ಮಾಲೀಕರಿಗೆ ತೋರಿಸಲು ಜೇಬಿಗಿಟ್ಟುಕೊಂಡರು.