ಗೋಡೆಗೆ ಬಣ್ಣ ಬಳಿಯುವ ಮೊದಲು ಫೋಟೋಗೆ ಬಳಿಯುವುದು

ಮನೆಯ ಫೋಟೋದಲ್ಲಿ ಗೋಡೆಯನ್ನಷ್ಟೇ ಆಯ್ದು ಹೊಸ ಬಣ್ಣ ತುಂಬಿದರೆ ಅದು ಬಣ್ಣದ ಕಾಗದ ಅಂಟಿಸಿದಂತೆ ಕಾಣುತ್ತದೆ. ಸಜ್ಜದ ನೆರಳು, ಗಾರೆಯ ಒರಟುತನ ಎಲ್ಲವೂ ಮಾಯವಾಗುತ್ತವೆ. ಫೋಟೋದ ಪ್ರತಿ ಚುಕ್ಕೆಯಲ್ಲಿ ಎರಡು ಸಂಗತಿಗಳು ಬೆರೆತಿರುತ್ತವೆ: ಅಲ್ಲಿಗೆ ಬಿದ್ದ ಬೆಳಕು ಮತ್ತು ಅದರಲ್ಲಿ ಗೋಡೆ ಹಿಂದಿರುಗಿಸಿದ ಪಾಲು. ಪೇಂಟರ್ ಬದಲಿಸುವುದು ಎರಡನೆಯದನ್ನು ಮಾತ್ರ. ಆದ್ದರಿಂದ ಹಳೆಯ ಬಣ್ಣದ ಪಾಲಿನಿಂದ ಭಾಗಿಸಿ, ಹೊಸದರ ಪಾಲಿನಿಂದ ಗುಣಿಸಬೇಕು. ಆಗ ನೆರಳು ನೆರಳಾಗಿಯೇ ಉಳಿಯುತ್ತದೆ.

ಹಳೆಯ ಗೋಡೆ ಬೆಳಕಿನ ಶೇ. 80ರಷ್ಟನ್ನು ಹಿಂದಿರುಗಿಸುತ್ತಿತ್ತು, ಹೊಸ ಬಣ್ಣ ಶೇ. 40ರಷ್ಟನ್ನು ಎಂದಿಟ್ಟುಕೊಳ್ಳಿ. ಬೆಳಕು ಅರ್ಧಕ್ಕಿಳಿಯುತ್ತದೆ. ಹಾಗೆಂದು ಬಿಸಿಲಿನ ಭಾಗದಲ್ಲಿ 200 ಇರುವ ಪಿಕ್ಸೆಲ್ ಸಂಖ್ಯೆಯನ್ನು 100 ಮಾಡಿದರೆ ತಪ್ಪಾಗುತ್ತದೆ. ಸಾಮಾನ್ಯ ಫೋಟೋಗಳಲ್ಲಿ 0ಯಿಂದ 255ರವರೆಗಿನ ಈ ಸಂಖ್ಯೆಗಳು ಬೆಳಕಿನ ನೇರ ಅಳತೆಯಲ್ಲ. 128 ಎಂದರೆ ಪೂರ್ಣ ಬೆಳಕಿನ ಸುಮಾರು ಶೇ. 22 ಮಾತ್ರ. ಬೆಳಕಿಗೆ ಪರಿವರ್ತಿಸಿ, ಅರ್ಧ ಮಾಡಿ, ಮತ್ತೆ ಸಂಖ್ಯೆಗೆ ತಂದರೆ 200 ಇದ್ದದ್ದು 146 ಆಗುತ್ತದೆ, ನೆರಳಿನಲ್ಲಿ 100 ಇದ್ದದ್ದು 71. ಈ ಪರಿವರ್ತನೆ ಬಿಟ್ಟರೆ ಮನೆ ಅನ್ಯಾಯವಾಗಿ ಕಪ್ಪಾಗಿ ಕಾಣುತ್ತದೆ, ಮನೆಯವರು ಒಳ್ಳೆಯ ಶೇಡನ್ನೇ ಬೇಡವೆಂದುಬಿಡುತ್ತಾರೆ.

ಈ ಲೆಕ್ಕವನ್ನು ಕೆಂಪು, ಹಸಿರು, ನೀಲಿಗೆ ಬೇರೆಬೇರೆಯಾಗಿ ಮಾಡಬೇಕು. ಕೆನೆಹಳದಿ ಗೋಡೆ ನೀಲಿ ಬೆಳಕನ್ನು ಕಡಿಮೆ ಹಿಂದಿರುಗಿಸುತ್ತದೆ. ಭಾಗಿಸದೆ ಅದರ ಮೇಲೆ ತಿಳಿನೀಲಿಯನ್ನು ಗುಣಿಸಿದರೆ ಹಸಿರು ಛಾಯೆ ಬರುತ್ತದೆ. ಹಳೆಯ ಪಾಲು ತಿಳಿಯಲು ನನಗೆ ಮೆಚ್ಚಿನ ಉಪಾಯವೆಂದರೆ, ಫೋಟೋ ತೆಗೆಯುವಾಗ ಗೋಡೆಗೆ ಒಂದು ಬಿಳಿ ಹಾಳೆ ಅಂಟಿಸುವುದು. ಎರಡರ ಮೇಲೂ ಒಂದೇ ಬೆಳಕು ಬೀಳುವುದರಿಂದ ಹೋಲಿಸಿದರೆ ಸಾಕಷ್ಟು ಒಳ್ಳೆಯ ಅಂದಾಜು ಸಿಗುತ್ತದೆ.

ಆದರೆ ಬಿಸಿಲಿಗೆ ಗೋಡೆ 255 ಮುಟ್ಟಿ ಬೆಳ್ಳಗಾಗಿದ್ದರೆ ಯಾವ ಲೆಕ್ಕವೂ ನಡೆಯದು. ಅಲ್ಲಿನ ವಿವರ ಕ್ಯಾಮೆರಾದಲ್ಲೇ ಕಳೆದುಹೋಗಿರುತ್ತದೆ. ಹೊಸ ಬಣ್ಣ ಅಲ್ಲಿ ಸಪಾಟಾದ ಮಚ್ಚೆಯಾಗಿ ಕಾಣುವುದೇ ಅದರ ಗುರುತು. ಮೋಡ ಕವಿದಾಗ, ಎಕ್ಸ್‌ಪೋಷರ್ ಸ್ವಲ್ಪ ಇಳಿಸಿ ಮತ್ತೆ ಫೋಟೋ ತೆಗೆಯಬೇಕು.

ಫೋಟೋದ ಗೋಡೆಯ ಮೇಲೆ ನಾಮಫಲಕ ಕೂರಿಸುವ ಲೆಕ್ಕ ಬೇರೆ. ಗೋಡೆಯನ್ನು ಓರೆಯಾಗಿ ನೋಡಿದಾಗ ಆಯತ ಆಯತವಾಗಿ ಕಾಣದು. ಅಳತೆ ಗೊತ್ತಿರುವ ಅದೇ ಗೋಡೆಯ ಕಿಟಕಿಯ ನಾಲ್ಕು ಮೂಲೆ ಗುರುತಿಸಿದರೆ ಆ ಗೋಡೆಯ ಓರೆಯೂ ಅಳತೆಯೂ ಒಟ್ಟಿಗೆ ಸಿಗುತ್ತವೆ. ಫಲಕವನ್ನು ಅದಕ್ಕೆ ತಕ್ಕಂತೆ ಬಗ್ಗಿಸಬಹುದು. ಒಳಕ್ಕೆ ಸರಿದ ಬಾಗಿಲನ್ನು ಅಳತೆಗೆ ಹಿಡಿದರೆ ಫಲಕ ನಿಜಕ್ಕಿಂತ ಚಿಕ್ಕದಾಗುತ್ತದೆ, ಏಕೆಂದರೆ ದೂರದ ಬಾಗಿಲು ಫೋಟೋದಲ್ಲಿ ಚಿಕ್ಕದಾಗಿ ಕಾಣುತ್ತದೆ.