ಚೀಟಿಯಲ್ಲಿ ಬರೆದ ‘ಪಾಸಿಟಿವ್’ ಎಷ್ಟು ತೂಗುತ್ತದೆ?

ಮಳೆಗಾಲದಲ್ಲಿ ಅಂಕೋಲಾ, ಕುಮಟಾ ಕಡೆ ಜ್ವರ ಹಿಡಿದು ಮಲಗಿದವರಿಗೆ ಇಲಿ ಮೂತ್ರ ಬೆರೆತ ಕೆಸರುನೀರಿನಿಂದ ತಗಲುವ ಇಲಿ ಜ್ವರದ ಐಜಿಎಂ ರಕ್ತಪರೀಕ್ಷೆ ಬರೆದುಕೊಡುವುದು ಹೊಸತೇನಲ್ಲ. ಬೆರಳುದ್ದದ ಪ್ಲಾಸ್ಟಿಕ್ ಕಿಟ್ಟಿನ ಕುಳಿಗೆ ಸೀರಮ್ಮಿನ ಹನಿ ಬಿಟ್ಟು, ಮೇಲಿಂದ ಬಫರ್ ದ್ರಾವಣ ಹಾಕುತ್ತಾರೆ. ‘ಸಿ’ ಎದುರು ಗೆರೆ ಮೂಡಿದರೆ ಕಿಟ್ ಕೆಲಸ ಮಾಡುತ್ತಿದೆ ಎಂದರ್ಥ. ಅದರ ಪಕ್ಕ ಇನ್ನೊಂದು ಗೆರೆ ಬಂದರೆ ಪಾಸಿಟಿವ್. ಹೇಳಿದ ಹೊತ್ತಿಗೆ ನೋಡಬೇಕು. ಕಿಟ್ಟನ್ನು ಮೇಜಿನ ಮೇಲೆ ಮರೆತು ತಾಸು ಬಿಟ್ಟು ನೋಡಿದರೆ ಇಲ್ಲದ ಗೆರೆಯೂ ಮಸುಕಾಗಿ ಕಂಡೀತು.

ಚೀಟಿ ಕೈಗೆ ಬಂದ ಮೇಲೆ ನಡೆಯುವುದು ಮಾತ್ರ ಬೇಸರ ತರಿಸುತ್ತದೆ. ಪಾಸಿಟಿವ್ ಎಂದರೆ ರೋಗ ಖಾತ್ರಿ, ನೆಗೆಟಿವ್ ಎಂದರೆ ಗಂಡಾಂತರ ಕಳೆಯಿತು. ಇನ್ನು ಕೆಲವರು, “ಪರೀಕ್ಷೆ ನೂರಕ್ಕೆ ತೊಂಬತ್ತು ಸರಿಯಂತೆ, ಅಂದರೆ ನನಗೆ ರೋಗ ಇರುವ ಸಾಧ್ಯತೆ ನೂರಕ್ಕೆ ತೊಂಬತ್ತು” ಎಂದು ಲೆಕ್ಕ ಹಾಕುತ್ತಾರೆ. ಮೂರೂ ತಪ್ಪು. ಪರೀಕ್ಷೆ ತೀರ್ಪು ಕೊಡುವುದಿಲ್ಲ. ಮೊದಲೇ ಇದ್ದ ಅನುಮಾನವನ್ನು ಇಷ್ಟು ಪಟ್ಟು ಹೆಚ್ಚಿಸುತ್ತದೆ, ಇಲ್ಲವೇ ಇಷ್ಟು ಪಟ್ಟು ತಗ್ಗಿಸುತ್ತದೆ. ಆ ‘ಇಷ್ಟು ಪಟ್ಟು’ ಎಂಬುದಕ್ಕೇ ಲೈಕ್ಲಿಹುಡ್ ರೇಶಿಯೋ ಎಂದು ಹೆಸರು. ಕನ್ನಡದಲ್ಲಿ ಸಂಭಾವ್ಯತಾ ಅನುಪಾತ ಎನ್ನೋಣ.

ಮನೆಯ ನಾಯಿಯನ್ನೇ ತೆಗೆದುಕೊಳ್ಳಿ. ಕಳ್ಳ ಬಂದ ಹತ್ತು ರಾತ್ರಿಗಳಲ್ಲಿ ಎಂಟು ರಾತ್ರಿ ಬೊಗಳುತ್ತದೆ. ಯಾರೂ ಬಾರದ ಹತ್ತು ರಾತ್ರಿಗಳಲ್ಲಿ ಒಂದು ರಾತ್ರಿ ನರಿಗೋ ನೆರಳಿಗೋ ಬೊಗಳುತ್ತದೆ. ಹಾಗಾದರೆ ಅದರ ಬೊಗಳಿಕೆಯ ಬೆಲೆ ಎಂಟು ಭಾಗಿಸು ಒಂದು, ಅಂದರೆ 8. ಪಕ್ಕದ ಮನೆಯ ನಾಯಿ ಕಳ್ಳನಿಗೆ ಹತ್ತಕ್ಕೆ ಹತ್ತು ರಾತ್ರಿಯೂ ಬೊಗಳುತ್ತದೆ, ಆದರೆ ಬರಿದೇ ರಾತ್ರಿಗಳಲ್ಲೂ ಹತ್ತಕ್ಕೆ ಎಂಟು ಸಲ ಬೊಗಳುತ್ತದೆ. ಅದರ ಬೊಗಳಿಕೆಯ ಬೆಲೆ ಬರೀ 1.25. ಕಳ್ಳನನ್ನು ಒಮ್ಮೆಯೂ ಬಿಡದ ನಾಯಿ ಅದು, ಆದರೂ ಅದು ಬೊಗಳಿತೆಂದು ಯಾರೂ ಹಾಸಿಗೆಯಿಂದ ಏಳುವುದಿಲ್ಲ.

ಇದು ಅರ್ಧ ಮಾತಾಯಿತು. ಉಳಿದರ್ಧಕ್ಕೆ ಕಾರವಾರದ ಕಡಲಿಗೆ ಹೋಗಬೇಕು. ನೀರಿನ ಮೇಲೆ ಹಕ್ಕಿಗಳು ಗುಂಪುಗೂಡಿ ಎರಗುತ್ತಿದ್ದರೆ ಕೆಳಗೆ ಮೀನಿನ ಹಿಂಡಿದೆ ಎಂಬ ಸುಳಿವು. ಹಂಗಾಮಿನಲ್ಲಿ ಅದನ್ನು ಕಂಡವರು ದೋಣಿ ತಿರುಗಿಸುತ್ತಾರೆ. ಬಂಗಡೆಯ ಸುದ್ದಿಯೇ ಇಲ್ಲದ ದಿನಗಳಲ್ಲಿ ಅದೇ ಹಕ್ಕಿಗಳನ್ನು ಕಂಡು ಡೀಸೆಲ್ ಸುಡಲು ಹಿಂದೆಮುಂದೆ ನೋಡುತ್ತಾರೆ. ಹಕ್ಕಿಗಳು ಕೊಡುವ ಸುಳಿವಿನ ಬಲ ಎರಡು ದಿನವೂ ಒಂದೇ. ಅದು ಬಂದು ಸೇರುವ ನೆಲೆ ಬೇರೆ.

ಈಗ ಇಬ್ಬರು ರೋಗಿಗಳು. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ದುಂಡಾಗಿ ಇಟ್ಟುಕೊಂಡಿದ್ದೇನೆ. ರೋಗ ಇರುವ ನೂರು ಜನರಲ್ಲಿ ನಮ್ಮ ಕಿಟ್ 80 ಜನರನ್ನು ಹಿಡಿಯುತ್ತದೆ, ರೋಗ ಇಲ್ಲದ ನೂರರಲ್ಲಿ 10 ಜನರಿಗೆ ಸುಳ್ಳೇ ಗೆರೆ ತೋರಿಸುತ್ತದೆ. ಪಾಸಿಟಿವ್‌ನ ಅನುಪಾತ 80 ಭಾಗಿಸು 10, ಅಂದರೆ 8, ನಾಯಿಯದೇ ಲೆಕ್ಕ.

ಮೊದಲನೆಯವರು ಅಂಕೋಲಾ ಕಡೆಯ ಗದ್ದೆಯಲ್ಲಿ ಬರಿಗಾಲಲ್ಲಿ ನಾಟಿ ಮಾಡಿದವರು. ಏಳು ದಿನದ ಜ್ವರ, ಮುಟ್ಟಗೊಡದಷ್ಟು ಮೀನಖಂಡದ ನೋವು, ಕೆಂಪೇರಿದ ಕಣ್ಣು. ಇಂಥ ನೂರು ಜನ ಬಂದರೆ 40 ಮಂದಿಗೆ ಇಲಿ ಜ್ವರ ಇರಬಹುದು ಎಂದು ವೈದ್ಯರ ಅಂದಾಜು. ಇದ್ದವರು, ಇಲ್ಲದವರು ಎಂದು ಬರೆದರೆ 40 : 60. ಪಾಸಿಟಿವ್ ಬಂದಾಗ ಎಡಗಡೆಯ ಅಂಕಿಯನ್ನು ಮಾತ್ರ ಎಂಟರಿಂದ ಗುಣಿಸಿ: 320 : 60. ಒಟ್ಟು 380ರಲ್ಲಿ 320, ಅಂದರೆ ಶೇಕಡ 84.

ಎರಡನೆಯವರು ಶಿರಸಿ ಪೇಟೆಯಲ್ಲಿ ಕೂತು ಮಾಡುವ ಕೆಲಸದವರು. ಮೂಗು ಸೋರುತ್ತಿದೆ, ಕೆಮ್ಮಿದೆ, ಗದ್ದೆ ಕೊಟ್ಟಿಗೆಯ ಕಡೆ ಹೋದವರಲ್ಲ. ಅಂದಾಜು 2 : 98. ಅದೇ ಕಿಟ್, ಅದೇ ಗೆರೆ. ಎಂಟರಿಂದ ಗುಣಿಸಿದರೆ 16 : 98, ಶೇಕಡ 14. ಇಬ್ಬರ ಚೀಟಿಯಲ್ಲೂ ಒಂದೇ ಪದ ಇದೆ, ಆದರೆ ಎರಡನೆಯವರಂಥ ಏಳು ಜನರಲ್ಲಿ ಆರು ಮಂದಿಗೆ ಇಲಿ ಜ್ವರವೇ ಇಲ್ಲ.

ಈ ಗುಣಾಕಾರದ ಬೇರು ಥಾಮಸ್ ಬೇಯ್ಸ್ ಎಂಬ ಇಂಗ್ಲಿಷ್ ಪಾದ್ರಿಯ ಬರಹದಲ್ಲಿದೆ. ಅವರು ತೀರಿಕೊಂಡ ಎರಡು ವರ್ಷದ ಮೇಲೆ, 1763ರಲ್ಲಿ, ಗೆಳೆಯ ರಿಚರ್ಡ್ ಪ್ರೈಸ್ ಅದನ್ನು ಬೆಳಕಿಗೆ ತಂದರು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ನೌಕಾಪಡೆಯ ಗುಪ್ತಲಿಪಿ ಒಡೆಯಲು ಕೂತ ಅಲನ್ ಟ್ಯೂರಿಂಗ್ ಬಳಸಿದ್ದೂ ಇದನ್ನೇ. ಗುಣಾಕಾರ ಬೇಡವೆಂದು ಲಾಗರಿದಮ್ ತೆಗೆದು, ಸುಳಿವುಗಳನ್ನು ಒಂದರ ಮೇಲೊಂದು ಕೂಡಿಸುತ್ತ ಹೋದರು. ಅದಕ್ಕೆ ‘ಬ್ಯಾನ್’ ಎಂಬ ಅಳತೆಯನ್ನೇ ಮಾಡಿಕೊಂಡಿದ್ದರು. ಲೆಕ್ಕದ ಹಾಳೆಗಳು ಅಚ್ಚಾಗುತ್ತಿದ್ದ ಬ್ಯಾನ್‌ಬರಿ ಊರಿನಿಂದ ಬಂದ ಹೆಸರದು. ಸುಳಿವನ್ನೂ ಸಕ್ಕರೆಯಂತೆ ತೂಗಬಹುದು ಎಂಬುದು ನನಗೆ ಇಂದಿಗೂ ಪುಳಕ ತರುವ ಸಂಗತಿ. 1975ರಲ್ಲಿ ಫೇಗನ್ ಎಂಬ ವೈದ್ಯರು ಇದನ್ನೇ ಮೂರು ಉದ್ದಗೆರೆಗಳ ನಕ್ಷೆ ಮಾಡಿದರು. ಎಡಗೆರೆಯಲ್ಲಿ ಮೊದಲಿನ ಅಂದಾಜು, ನಡುಗೆರೆಯಲ್ಲಿ ಅನುಪಾತ. ಎರಡಕ್ಕೂ ತಾಗುವಂತೆ ಸ್ಕೇಲ್ ಇಟ್ಟರೆ ಬಲಗೆರೆಯಲ್ಲಿ ಉತ್ತರ.

ನೆಗೆಟಿವ್‌ಗೂ ತನ್ನದೇ ಅನುಪಾತ ಉಂಟು. ರೋಗ ಇದ್ದೂ ಕಿಟ್ ಬಿಟ್ಟುಬಿಡುವವರು ನೂರಕ್ಕೆ 20, ರೋಗ ಇಲ್ಲದೆ ಸರಿಯಾಗಿಯೇ ನೆಗೆಟಿವ್ ಬರುವವರು 90. ಭಾಗಿಸಿದರೆ 0.22. ಗದ್ದೆಯವರ 40 ಸುಮಾರು 9ಕ್ಕೆ ಇಳಿಯುತ್ತದೆ. 9 : 60, ಶೇಕಡ 13. ತಗ್ಗಿತು ನಿಜ, ಸೊನ್ನೆಯಾಗಲಿಲ್ಲ.

ಅದೂ ಏಳನೇ ದಿನದ ಮಾತು. ಜೀವ ಹೋಗುವಂಥ ತಪ್ಪು ಆಗುವುದು ಜ್ವರದ ಎರಡನೇ ದಿನ. ಕಿಟ್ ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ನಮ್ಮ ದೇಹ ಮಾಡುವ ಐಜಿಎಂ ಪ್ರತಿಕಾಯವನ್ನು. ಅದು ರಕ್ತದಲ್ಲಿ ಕಾಣುವಷ್ಟಾಗಲು ಜ್ವರ ಶುರುವಾಗಿ ಐದಾರು ದಿನ ಬೇಕು. ಎರಡನೇ ದಿನ ಕಿಟ್ ನೂರಕ್ಕೆ 30 ಜನರನ್ನಷ್ಟೇ ಹಿಡಿಯುತ್ತದೆ ಎಂದುಕೊಳ್ಳಿ. ಆಗ ಬಿಟ್ಟುಹೋಗುವವರು 70. ಅದನ್ನು 90ರಿಂದ ಭಾಗಿಸಿದರೆ ನೆಗೆಟಿವ್‌ನ ಅನುಪಾತ 0.78. ಅನುಪಾತ ಒಂದಕ್ಕೆ ಹತ್ತಿರವಾದಷ್ಟೂ ಪರೀಕ್ಷೆ ಏನನ್ನೂ ಹೇಳಿಲ್ಲ ಎಂದೇ ಲೆಕ್ಕ. 40 ಇದ್ದದ್ದು 31 ಆಯಿತು; 31 : 60, ಶೇಕಡ 34. “ರಿಪೋರ್ಟ್ ನೆಗೆಟಿವ್ ಬಂತು, ಇಲಿ ಜ್ವರ ಅಲ್ಲವಂತೆ” ಎಂದು ಮನೆಗೆ ಹೋದ ಮೂವರಲ್ಲಿ ಒಬ್ಬರಿಗೆ ಅದೇ ರೋಗ. ಮೂತ್ರ ಕಡಿಮೆಯಾಗಿ, ಕಣ್ಣು ಹಳದಿಯಾದ ಮೇಲೆ ಮರಳಿ ಬರುವವರು ಅವರೇ. ಅನುಮಾನ ಬಲವಾಗಿದ್ದಾಗ ವೈದ್ಯರು ಚೀಟಿಗೆ ಕಾಯದೆ ಡಾಕ್ಸಿಸೈಕ್ಲಿನ್ ಶುರುಮಾಡುವುದು ಈ ಶೇಕಡ 34ನ್ನು ಬಲ್ಲವರಾದ್ದರಿಂದ. ಮೊದಲ ವಾರದಲ್ಲಿ ರಕ್ತದ ಪಿಸಿಆರ್ ಮೇಲು, ಅದು ರೋಗಾಣುವಿನ ತುಣುಕನ್ನೇ ಹುಡುಕುತ್ತದೆ.

ಪಾಸಿಟಿವ್‌ಗೂ ಒಂದು ತೊಡಕಿದೆ. ಐಜಿಎಂ ರೋಗ ವಾಸಿಯಾದ ಮೇಲೂ ತಿಂಗಳುಗಟ್ಟಲೆ ಉಳಿದೀತು. ವರ್ಷವರ್ಷ ಕೆಸರಲ್ಲಿ ಕಾಲಿಡುವವರ ರಕ್ತದಲ್ಲಿ ಹಳೆಯ ಸೋಂಕಿನ ಪ್ರತಿಕಾಯ ಇದ್ದು, ಈಗಿನ ಜ್ವರ ಡೆಂಗಿಯದೂ ಆಗಿರಬಹುದು. ಅಂಥವರಲ್ಲಿ ಸುಳ್ಳು ಗೆರೆ ನೂರಕ್ಕೆ 30 ಆದರೆ ಎಂಟಿದ್ದ ಅನುಪಾತ 2.7ಕ್ಕೆ ಕುಸಿಯುತ್ತದೆ, ಶೇಕಡ 84 ಎಂದದ್ದು 64ಕ್ಕೆ ನಿಲ್ಲುತ್ತದೆ. ಅದೇ ದಿನ ಇನ್ನೊಂದು ಲ್ಯಾಬಿನಲ್ಲಿ ಅದೇ ಪರೀಕ್ಷೆ ಮಾಡಿಸಿ ಮತ್ತೊಮ್ಮೆ ಗುಣಿಸುವಂತಿಲ್ಲ. ಮೊದಲ ಕಿಟ್ಟನ್ನು ದಾರಿ ತಪ್ಪಿಸಿದ ಹಳೆಯ ಪ್ರತಿಕಾಯವೇ ಎರಡನೆಯದನ್ನೂ ತಪ್ಪಿಸುತ್ತದೆ. ಒಂದೇ ನರಿಗೆ ಎರಡು ನಾಯಿ ಬೊಗಳಿದರೆ ಕಳ್ಳರು ಇಬ್ಬರಾಗುವುದಿಲ್ಲ.

ಹೊಸ ಸುಳಿವು ಬೇಕಾದರೆ ಬೇರೆ ಬಗೆಯ ಪರೀಕ್ಷೆ ಬೇಕು. ಈಗ ಒಮ್ಮೆ, ಎರಡು ವಾರ ಕಳೆದು ಇನ್ನೊಮ್ಮೆ ರಕ್ತ ತೆಗೆದು ದೊಡ್ಡ ಪ್ರಯೋಗಾಲಯದಲ್ಲಿ ಮ್ಯಾಟ್ ಪರೀಕ್ಷೆ ಮಾಡಿಸಿದರೆ, ಪ್ರತಿಕಾಯದ ಮಟ್ಟ ನಾಲ್ಕು ಪಟ್ಟು ಏರಿದೆಯೇ ಎಂದು ನೋಡಬಹುದು. ಹಳೆಯ ಪ್ರತಿಕಾಯ ಹಾಗೆ ಏರುವುದಿಲ್ಲ. ಈಗಿನ ಸೋಂಕಿನದು ಏರುತ್ತದೆ. ಉತ್ತರ ಬರುವಷ್ಟರಲ್ಲಿ ರೋಗಿ ಎದ್ದು ಮತ್ತೆ ಗದ್ದೆಗಿಳಿದಿರುತ್ತಾರೆ, ಹಾಗಾಗಿ ಔಷಧಿ ಕೊಡುವ ತೀರ್ಮಾನ ಮಾತ್ರ ಮೊದಲ ದಿನದ 40 : 60ರ ಮೇಲೆಯೇ ಆಗಬೇಕು.